ನೀಲಕ್ಕ ಜರ್ಮನಿಯ ಮೇಲ್ ತಿದ್ದಿದ್ದು

ನಮ್ಮ ನೀಲಕ್ಕನಿಗೆ ಇಂಗ್ಲಿಷ್ ಮಾತಾಡಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಶಿಕಾರಿಪುರದಲ್ಲಿ ಆಕೆ ದೊಡ್ಡ ಇಂಗ್ಲಿಷ್ ಪಂಡಿತೆ ಅಂತ ಸುದ್ದಿ ಹಬ್ಬಿಸಿರುವವರಿದ್ದಾರೆ. ಒಮ್ಮೆ ಯಾರೋ ಬ್ಯಾಂಕಿನವನು ಬಂದು ಇಂಗ್ಲಿಷಿನಲ್ಲಿ ಏನೋ ಕೇಳಿದಾಗ, "ಬರಕೊಡ್ರಿ, ಓದ್ತೀನಿ" ಅಂದಳು. ಆಕೆಯ ಇಂಗ್ಲಿಷ್ ಎಲ್ಲ ಬೆರಳಲ್ಲಿದೆ. ಬಾಯಿಗೆ ಇನ್ನೂ ಹತ್ತಿಲ್ಲ.

ಆಕೆ ಹುಟ್ಟಿದ್ದು ಐವತ್ತೆಂಟರಲ್ಲೋ ಐವತ್ತೊಂಬತ್ತರಲ್ಲೋ, ಶಾಲೆಗೆ ಸೇರಿಸುವಾಗ ಮೇಷ್ಟ್ರು ತಮಗೆ ತೋಚಿದ್ದನ್ನು ಬರೆದುಕೊಂಡರಂತೆ. ಹೆಸರು ನೀಲಾಂಬಿಕ. ಮೆಟ್ರಿಕ್ ಆದಮೇಲೆ ಟೈಪಿಂಗ್ ಕಲಿತು, ಸೀನಿಯರ್ ಪಾಸು ಮಾಡಿ, ಕೋರ್ಟಿನ ರಸ್ತೆಯಲ್ಲಿ ಒಂದು ಮೇಜು, ಒಂದು ಮಷಿನ್ ಇಟ್ಟುಕೊಂಡು ಕೂತಳು. ಅರ್ಜಿ, ನೋಟಿಸು, ಕರಾರು ಎಲ್ಲ ಟೈಪು ಮಾಡುತ್ತಿದ್ದಳು. ಮಾಡಿಸಲು ಬರುವವರಲ್ಲಿ ಮುಕ್ಕಾಲು ಜನಕ್ಕೆ ಇಂಗ್ಲಿಷ್ ಗೊತ್ತಿರಲಿಲ್ಲ. ಹಾಗಾಗಿ ಟೈಪು ಮಾಡಿದ್ದನ್ನು ಒಂದೊಂದೇ ವಾಕ್ಯ ಕನ್ನಡದಲ್ಲಿ ಓದಿ ಹೇಳಿ, ಅವರು ಹೂಂ ಅಂದಮೇಲೆಯೇ ಸಹಿ ಹಾಕಿಸುತ್ತಿದ್ದಳು. ಆ ಅಭ್ಯಾಸ ಇವತ್ತಿಗೂ ಹೋಗಿಲ್ಲ. ಮಷಿನ್ ಹೋಗಿ ಕಂಪ್ಯೂಟರ್ ಬಂತು, ಮೇಜು ಹೋಗಿ ಬಸ್‌ಸ್ಟ್ಯಾಂಡ್ ಹತ್ತಿರ ಅಂಗಡಿ ಬಂತು, ಕೂದಲೆಲ್ಲ ಬೆಳ್ಳಗಾಯಿತು. ಇಂಜಿನಿಯರಿಂಗ್ ಓದಿದವನು ತನ್ನ ಬಯೋಡಾಟಾ ತಂದುಕೊಟ್ಟರೂ ಕನ್ನಡದಲ್ಲಿ ಓದಿ ಹೇಳುತ್ತಾಳೆ. ಅವನು, "ಗೊತ್ತು ಆಂಟಿ" ಅಂದರೆ, "ಇರ್ಲಿ, ಕೇಳು" ಅನ್ನುತ್ತಾಳೆ.

ಅಂಗಡಿಯಲ್ಲಿ ಝೆರಾಕ್ಸ್ ಮಷಿನ್ ನನ್ನದು. ನಾನು ಅಫ್ಸರ್ ಬೇಗಂ. ಅಂಗಡಿಯ ಅರ್ಧ ಬಾಡಿಗೆ ನಾನು ಕೊಡುತ್ತೇನೆ, ಆದರೂ ಬೋರ್ಡಿನ ಮೇಲೆ ಆಕೆಯ ಹೆಸರು ಮಾತ್ರ ಇದೆ. ಅದರ ಬಗ್ಗೆ ನಾನು ಏನೂ ಅನ್ನುವುದಿಲ್ಲ. ಅನ್ನುವುದಿದ್ದರೆ ಬಹಳ ಇದೆ.

ಎರಡು ವರ್ಷದ ಹಿಂದೆ, ಮಳೆಗಾಲ ಮುಗಿಯುತ್ತಿದ್ದ ಹೊತ್ತಿಗೆ, ಆನವಟ್ಟಿಯ ಲೋಕಪ್ಪನವರು ಮೊಬೈಲು ಹಿಡಿದುಕೊಂಡು ಬಂದರು. ಅವರದು ಹಾಳೆ ತಟ್ಟೆಯ ಸಣ್ಣ ಫ್ಯಾಕ್ಟರಿ. ಅಡಿಕೆ ಹಾಳೆಯನ್ನು ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ, ಡ್ರೈಯರಿನಲ್ಲಿ ಒಣಗಿಸಿ ಜರ್ಮನಿಗೆ ಕಳಿಸುತ್ತಾರೆ. ಜರ್ಮನಿಯವರು ಅದರಲ್ಲಿ ಉಂಡು ಬಿಸಾಡುತ್ತಾರಂತೆ. ನಾವು ಮದುವೆಗೆ ಸ್ಟೀಲಿನ ತಟ್ಟೆ ತರಿಸುತ್ತಿರುವ ಕಾಲದಲ್ಲಿ ಅವರಿಗೆ ಈ ಬುದ್ಧಿ ಹೇಗೆ ಬಂತೋ.

ಲೋಕಪ್ಪನವರ ಹಿಂದೆ ತಾಯಮ್ಮ ಬಂದಳು. ಕುಬಟೂರಿನವಳು, ಫ್ಯಾಕ್ಟರಿ ಶುರುವಾದಾಗಿನಿಂದ ಪ್ಯಾಕಿಂಗ್ ಅವಳದೇ. ಗಂಡ ತೀರಿಕೊಂಡಮೇಲೆ ಮನೆ ನಡೆಯುತ್ತಿದ್ದದ್ದು ಆ ಕೆಲಸದಿಂದ. ಫೋಟೋ ತೆಗೆದು ಮೇಲ್ ಜೊತೆ ಕಳಿಸಬೇಕು ಅಂತ ಹೊಸ ತಟ್ಟೆಗಳ ಒಂದು ಕಟ್ಟು ಹೊರಿಸಿಕೊಂಡು ಕರೆತಂದಿದ್ದರು. ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಳು.

"ಏನಾಗೈತಿ ಅಂದ್ರೆ ನೀಲಕ್ಕಾರೆ," ಅಂತ ಲೋಕಪ್ಪನವರು ಶುರು ಮಾಡಿದರು, "ಹೋದ ಲೋಡಿನ ತಟ್ಟೆ ಅಲ್ಲಿ ಬಿಚ್ಚಿ ನೋಡಿ, ಬೂಷ್ಟು ಹಿಡದೈತಿ ಅಂತ ಆ ಹೆಂಗಸು ಮೇಲ್ ಮಾಡಿ, ನಾನು ಉತ್ತರ ಕೊಟ್ಟು, ಅದು ಅವಳಿಗೆ ತಿಳೀದೆ, ಮತ್ತೆ ಬರೀರಿ ಅಂತ ಕೂತು..."

ಉಸಿರು ಬಿಡಲಿಲ್ಲ ಆ ಮನುಷ್ಯ. ಅವರು ಮಾತಾಡುವುದೇ ಹಾಗೆ. ಆ ಹೆಂಗಸು ಅಂದರೆ ಜರ್ಮನಿಯ ಖರೀದಿದಾರಳು, ಹೆಲ್ಗಾ ಅಂತ. ಆಕೆಯ ಮೇಲ್ ಪುಟ್ಟದು. ನಿಮ್ಮ ಉತ್ತರ ನಮಗೆ ಅರ್ಥವಾಗಲಿಲ್ಲ. ಏನಾಯಿತು, ಯಾರು ತೀರ್ಮಾನಿಸಿದರು, ಮುಂದೆ ಏನು ಬದಲಾಯಿಸುತ್ತೀರಿ, ಸ್ಪಷ್ಟವಾಗಿ ಬರೆಯಿರಿ. ಆಮೇಲೆ ಮುಂದಿನ ಆರ್ಡರಿನ ಮಾತು. ಅಷ್ಟೇ.

ಇದನ್ನು ಲೋಕಪ್ಪನವರು ನಮ್ಮ ಕಡೆಯ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದರು. ಮೇಲಿನವರು ವಿವರಣೆ ಕೇಳಿದರು ಅಂದರೆ ಕೆಳಗಿನ ಒಬ್ಬರ ತಲೆ ಕೊಡಬೇಕು. ಹಳೇ ಉತ್ತರಕ್ಕೆ ಇನ್ನೊಂದಿಷ್ಟು ಸೇರಿಸಿ, ಎಲ್ಲವನ್ನೂ ನೀಲಕ್ಕನ ಮೇಲ್‌ಗೆ ಕಳಿಸಿ, "ಕಾಮಾ ಗೀಮಾ ಸರಿ ಮಾಡಿಕೊಡ್ರಿ" ಅಂದರು.

ನೀಲಕ್ಕ ಅದನ್ನು ಸಾಲು ಬಿಡಿಸಿ ಪ್ರಿಂಟು ತೆಗೆದಳು. ಕನ್ನಡಕ ಹಾಕಿಕೊಂಡು ಮನಸ್ಸಿನಲ್ಲೇ ಓದಿದಳು. ಕೊನೆಯ ಹಾಳೆಗೆ ಬಂದಾಗ ಒಮ್ಮೆ ತಲೆ ಎತ್ತಿ ಬೆಂಚಿನ ಕಡೆ ನೋಡಿ, ಹಾಳೆಯನ್ನು ನನ್ನ ಮುಂದೆ ತಳ್ಳಿದಳು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೂ ಇಷ್ಟು ತಿಳಿಯಿತು. ಬೂಷ್ಟು ಹಿಡಿದದ್ದಕ್ಕೆ ಪ್ಯಾಕಿಂಗ್ ಇನ್‌ಚಾರ್ಜ್ ಮಿಸೆಸ್ ತಾಯಮ್ಮನನ್ನು ಕೆಲಸದಿಂದ ತೆಗೆದಾಗಿದೆ. ಮಿಸೆಸ್ ತಾಯಮ್ಮ ಮೂರು ಮಾರು ದೂರದಲ್ಲಿ ಕೂತು ತಟ್ಟೆಯ ಅಂಚಿನ ನಾರನ್ನು ಉಗುರಿನಿಂದ ತೆಗೆಯುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ತಟ್ಟೆ ಹೊರಲು ಅವಳೇ ಬೇಕು, ಸಾಲದ್ದಕ್ಕೆ ತನ್ನ ಕೆಲಸ ಹೋಗುವ ಕಾಗದಕ್ಕೆ ಕಾವಲೂ ಅವಳೇ ಕೂರಬೇಕು!

ನೀಲಕ್ಕ ಹಾಳೆಯನ್ನು ವಾಪಸ್ ಎಳೆದುಕೊಂಡಳು. ಕೆಂಪು ಪೆನ್ಸಿಲ್ ಚೂಪು ಮಾಡಿಕೊಂಡಳು.

"ಲೋಕಪ್ಪೋರೇ, ಎರಡು ಹಾಳೆಗೆ ಫುಲ್‌ಸ್ಟಾಪ್ ಒಂದೇ ಐತಲ್ರಿ. ಅದೂ ನಿಮ್ಮ ಹೆಸರಿನ ಮುಂದೆ."

"ಮಾತು ಮುಗೀದೆ ಹೆಂಗ್ರಿ ಫುಲ್‌ಸ್ಟಾಪ್ ಇಡೋದು?"

"ಮುಗದೈತ್ರಿ. ಸಾಲಿಗೊಂದು ಸಲ ಮುಗದೈತಿ. ನೀವು ಬಿಟ್ಟಿಲ್ಲ ಅಷ್ಟೆ." ಪೆನ್ಸಿಲ್ ಮೊದಲ ಸಾಲಿಗೆ ಇಟ್ಟಳು. "ನೋಡ್ರಿ. 'ದಿ ರೇನ್ ವಾಸ್ ಹೆವಿ, ದಿ ಡ್ರೈಯರ್ ವಾಸ್ ಆಫ್.' ಮಳೆ ಜೋರಿತ್ತು. ಮಾತು ಅಷ್ಟಕ್ಕೇ ನಿಲ್ತದಲ್ರಿ? ಡ್ರೈಯರ್ ಬಂದ್ ಇತ್ತು. ಅದೂ ನಿಲ್ತದೆ. ತಮ್ಮಷ್ಟಕ್ಕೆ ತಾವು ನಿಲ್ಲೋ ಎರಡನ್ನ ಬರೀ ಕಾಮಾ ಹಾಕಿ ಕಟ್ಟಂಗಿಲ್ಲ. ಫುಲ್‌ಸ್ಟಾಪ್ ಇಡ್ಬೇಕು. ಇಲ್ಲಾ ಕಾಮಾದ ಮುಂದೆ 'ಅಂಡ್'ನೋ 'ಸೋ'ನೋ ಹಾಕ್ಬೇಕು. ತೀರಾ ಹತ್ರದ ಮಾತಾದ್ರೆ ಸೆಮಿಕೋಲನ್."

ಮುಂದಿನ ಸಾಲಿನಲ್ಲಿ ಕಾಮಾವೂ ಇರಲಿಲ್ಲ. 'ದಿ ಕರೆಂಟ್ ವಾಸ್ ನಾಟ್ ದೇರ್ ವಿ ವೇಟೆಡ್ ಫುಲ್ ಡೇ.' ಕರೆಂಟ್ ಇರಲಿಲ್ಲ, ನಾವು ಇಡೀ ದಿನ ಕಾದೆವು, ಎರಡೂ ಒಂದರ ಮೈಮೇಲೆ ಒಂದು ಬಿದ್ದುಕೊಂಡಿದ್ದವು. ನೀಲಕ್ಕ ನಡುವೆ ಅಡ್ಡಗೆರೆ ಎಳೆದಳು. ಅದರ ಮುಂದಿನದು, 'ವೆನ್ ದಿ ಕರೆಂಟ್ ಕೇಮ್, ವಿ ಸ್ಟಾರ್ಟೆಡ್ ದಿ ಡ್ರೈಯರ್.' ಅದನ್ನು ಮುಟ್ಟಲಿಲ್ಲ.

"ಇಲ್ಲೂ ಕಾಮಾ ಐತಲ್ರಿ, ಇದನ್ಯಾಕೆ ಬಿಟ್ರಿ?" ಲೋಕಪ್ಪನವರು ಲೆಕ್ಕ ತಪ್ಪಿಸಿದವಳನ್ನು ಹಿಡಿದವರಂತೆ ಕೇಳಿದರು.

"'ಕರೆಂಟ್ ಬಂದಾಗ'. ಇಷ್ಟೇ ಹೇಳಿ ಎದ್ದು ಹೋಗ್ರಿ ನೋಡಾಣ."

ಅವರು ಹೋಗಲಿಲ್ಲ.

"ಆಗಂಗಿಲ್ಲ ಅಲ್ಲಾ? ಮುಂದಿಂದು ಕೇಳ್ತದೆ. ಒಂದು ಅರ್ಧ, ಒಂದು ಪೂರ್ತಿ. ಅಲ್ಲಿ ಕಾಮಾ ಸರಿ. ಎರಡೂ ಪೂರ್ತಿ ಆದ್ರೆ ತಪ್ಪು."

ಲೋಕಪ್ಪನವರಿಗೆ ಇಂಗ್ಲಿಷ್ ಬರುವುದಿಲ್ಲ ಅಂತಲ್ಲ. ಅವರ ಪದಗಳೆಲ್ಲ ಸರಿಯಾಗಿದ್ದವು. ಅವರು ಬರೆದದ್ದು ನಾವು ಮಾತಾಡುವ ಓಟದಲ್ಲಿ. ಕನ್ನಡದಲ್ಲಿ ಮಳೆ ಬಂದು, ಕರೆಂಟ್ ಹೋಗಿ, ಡ್ರೈಯರ್ ನಿಂತು, ತಟ್ಟೆ ಒಣಗದೆ ಹಾಳಾಯಿತು ಅಂತ ಒಂದೇ ಉಸಿರಿಗೆ ಹೇಳಬಹುದು, ಯಾಕೆಂದರೆ ಬಂದು, ಹೋಗಿ, ನಿಂತು ಎಲ್ಲ ಅರ್ಧ ಮಾತು, ಹಾಳಾಯಿತು ಒಂದೇ ಪೂರ್ತಿ. ಇಂಗ್ಲಿಷಿನಲ್ಲಿ ಅವರು ಪ್ರತಿಯೊಂದನ್ನೂ ಪೂರ್ತಿ ಮಾಡಿ, ಕಾಮಾ ಮಾತ್ರ ನಮ್ಮದೇ ಇಟ್ಟಿದ್ದರು. ಇದನ್ನು ನೀಲಕ್ಕ ನನಗೆ ಆಮೇಲೆ ಹೇಳಿದ್ದು. ಆಗ ಹೇಳಿದ್ದರೆ ಅವರು ಅದಕ್ಕೂ ಒಂದು ಉದ್ದನೆಯ ಉತ್ತರ ಕೊಡುತ್ತಿದ್ದರು.

ಒಂದು ಕಡೆ 'ಹೌಎವರ್' ಸಿಕ್ಕಿತು. ಅದರ ಹಿಂದೆ ಕಾಮಾ, ಮುಂದೆ ಏನೂ ಇಲ್ಲ. ಲೋಕಪ್ಪನವರು, "ಇದು ಜೋಡಿಸೋ ಪದ ಅಲ್ಲೇನ್ರಿ?" ಅಂದರು. "ಜೋಡಿಸಿದಂಗೆ ಕಾಣ್ತದೆ, ಜೋಡಿಸಂಗಿಲ್ಲ" ಅಂತ ಆಕೆ ಹಿಂದೆ ಫುಲ್‌ಸ್ಟಾಪ್ ಇಟ್ಟು, ಮುಂದೆ ಕಾಮಾ ಹಾಕಿದಳು. ಅವರ ಮುಖ ನೋಡಿದರೆ, ಹೌಎವರ್ ಅವರಿಗೆ ಖಾಸಾ ನೆಂಟ ಅನ್ನಿಸುತ್ತಿತ್ತು.

ಹೀಗೆ ಒಂದೊಂದೇ ಕತ್ತರಿಸುತ್ತ, ಕತ್ತರಿಸಿದ್ದನ್ನು ಕನ್ನಡದಲ್ಲಿ ಓದುತ್ತ ಹೋದಳು. ಸಾಮಾನ್ಯವಾಗಿ ಆಕೆ ಗಿರಾಕಿಗೆ ಮಾತ್ರ ಕೇಳುವ ಹಾಗೆ ಓದುತ್ತಾಳೆ. ಆ ದಿನ ಬರಬರುತ್ತ ಗಂಟಲು ಏರಿತು. ಎರಡನೇ ಹಾಳೆಗೆ ಬರುವ ಹೊತ್ತಿಗೆ ಹೊರಗೆ ಬಸ್ಸು ಕಾಯುತ್ತಿದ್ದವರೂ ತಿರುಗಿ ನೋಡಿದರು. ಲೋಕಪ್ಪನವರು, "ಇನ್ನ ಸಾಕ್ರಿ, ಇನ್ನ ನನಗೆ ಗೊತ್ತೈತಿ" ಅಂದರು.

"ಇರ್ಲಿ, ಕೇಳ್ರಿ" ಅಂದಳು ನೀಲಕ್ಕ.

ಅಲ್ಲಿದ್ದದ್ದು ಒಂದು ದೊಡ್ಡ ಸರಪಳಿ. ತಟ್ಟೆ ಡ್ರೈಯರಿನಲ್ಲಿತ್ತು, ಲಾರಿ ಬಂದಿತ್ತು, 'ದಿ ಮೂನ್ ಕಂಡೀಷನ್ ವಾಸ್ ನಾಟ್ ಗುಡ್ ಆಫ್ಟರ್ ಈವ್ನಿಂಗ್', ಪ್ಯಾಕಿಂಗ್ ಮಾಡಲಾಯಿತು, ಮಿಸೆಸ್ ತಾಯಮ್ಮ ಪ್ಯಾಕಿಂಗ್ ಇನ್‌ಚಾರ್ಜ್, ಅವಳನ್ನು ತೆಗೆಯಲಾಗಿದೆ, ನಾವು ವಿಷಾದಿಸುತ್ತೇವೆ. ಎಲ್ಲದರ ನಡುವೆ ಕಾಮಾ.

ನೀಲಕ್ಕ ಗೆರೆ ಎಳೆದು ಓದಿದಳು. "ತಟ್ಟೆ ಡ್ರೈಯರ್‌ನಾಗೆ ಇತ್ತು. ಲಾರಿ ಬಂದಿತ್ತು. ಸಂಜೆ ಮೇಲೆ ಚಂದ್ರನ ಪರಿಸ್ಥಿತಿ ಚೆನ್ನಾಗಿರ್ಲಿಲ್ಲ." ಇಲ್ಲಿ ತಡೆದಳು. "ಇದೇನ್ರಿ?"

"ಅದು ಇರ್ಲಿ ಬಿಡ್ರಿ. ಮುಂದೆ ಹೋಗ್ರಿ."

"ಪ್ಯಾಕಿಂಗ್ ಮಾಡಲಾಯಿತು. ತಾಯಮ್ಮ ಪ್ಯಾಕಿಂಗ್ ಇನ್‌ಚಾರ್ಜ್." ಇನ್ನೊಂದು ಗೆರೆ. "ತಾಯಮ್ಮನ್ನ ಕೆಲಸದಿಂದ ತೆಗೆಯಲಾಗಿದೆ."

ಬೆಂಚಿನ ಮೇಲೆ ಉಗುರು ನಿಂತಿತು.

"ಯಾವಾಗ ತೆಗದ್ರಿ?" ತಾಯಮ್ಮ ಕೇಳಿದಳು. ಕೂಗಾಡಲಿಲ್ಲ. ಬಸ್ಸು ಎಷ್ಟೊತ್ತಿಗೆ ಅಂತ ಕೇಳುವ ಹಾಗೆ ಕೇಳಿದಳು.

"ಇನ್ನೂ ತೆಗದಿಲ್ಲ ಮಾರಾಯ್ತಿ," ಅಂದರು ಲೋಕಪ್ಪನವರು, "ಮೇಲ್ ಹೋಗ್ಲಿ ಅಂತ, ಅದು ಹೋಗಿ, ಅವರು ಒಪ್ಪಿ, ಆಮೇಲೆ ನೋಡಿ, ಹೆಂಗೂ ಒಂದು ದಾರಿ..."

"ನಾನೇನು ಮಾಡ್ದೆ?"

"ಮಾಡಿದ್ದು ಅಂತಲ್ಲ. ಆಗೋಯ್ತು. ಹಂಗಾಗಿ ಹಂಗೆ."

"ಅಕ್ಕಾರೆ," ತಾಯಮ್ಮ ನೀಲಕ್ಕನ ಕಡೆ ತಿರುಗಿದಳು, "ಅವತ್ತು ತಟ್ಟೆ ತಣ್ಣಗೆ ಹಸೀ ಇದ್ವು. ಒಣಗಿಲ್ಲ ಅಂತ ಎಲ್ರೂ ಹೇಳಿದ್ವಿ. ಸಂಜೆ ಅಮಾಸೆ ಕೂಡ್ತೈತಿ, ಅಷ್ಟ್ರೊಳಗೆ ಲಾರಿ ಗೇಟು ದಾಟ್ಬೇಕು, ತುಂಬ್ರಿ ತುಂಬ್ರಿ ಅಂತ ಇವ್ರೇ ನಿಂತು ತುಂಬ್ಸಿದ್ರು. ಅದನ್ನ ಬರ್ದಾರೇನು ಅದ್ರಾಗೆ?"

"ಚಂದ್ರ ಅಂತ ಬರ್ದಾರೆ" ಅಂದಳು ನೀಲಕ್ಕ.

ನಮ್ಮಲ್ಲೂ ಚಂದ್ರನನ್ನು ನೋಡಿಯೇ ಹಬ್ಬ ಮಾಡುವುದು, ಹಾಗಾಗಿ ಚಂದ್ರನ ಮೇಲೆ ನನ್ನ ದೂರಿಲ್ಲ. ಅಮಾವಾಸ್ಯೆಗೆ ಮಾಲು ಹೊರಡಿಸದಿರುವುದು ಅವರವರ ನಂಬಿಕೆ. ಆದರೆ ತಟ್ಟೆ ಒಣಗುವವರೆಗೆ ಕಾದು, ಪಾಡ್ಯ ಕಳೆದ ಮೇಲೆ ಕಳಿಸಿದ್ದರೆ ಯಾವ ದೇವರು ಬೇಡ ಅನ್ನುತ್ತಿದ್ದ? ಇದನ್ನು ನಾನು ಜೋರಾಗಿಯೇ ಅಂದೆ. ಲೋಕಪ್ಪನವರು ನನಗೆ ಉತ್ತರ ಕೊಡಲಿಲ್ಲ. ಬೋರ್ಡಿನಲ್ಲಿ ಹೆಸರಿಲ್ಲದವರಿಗೆ ಯಾರು ಕೊಡುತ್ತಾರೆ.

ತಾಯಮ್ಮ ಎದ್ದಳು. ಕಟ್ಟನ್ನು ಮೇಜಿನ ಮೇಲಿಟ್ಟು, ಸೆರಗಿನಿಂದ ಮೇಲಿನ ಧೂಳು ಒರೆಸಿದಳು. "ಇದು ಚೆನ್ನಾಗಿ ಒಣಗೈತಿ. ಫೋಟೋ ತೆಕ್ಕಳ್ರಿ" ಅಂತ ಹೇಳಿ ಚೀಲ ತೆಗೆದುಕೊಂಡು ಹೊರಟಳು. ಆನವಟ್ಟಿ ಬಸ್ಸು ನಿಂತಿತ್ತು, ಹತ್ತಿದಳು. ಕಿಟಕಿಯಿಂದ ಈ ಕಡೆ ನೋಡಲೇ ಇಲ್ಲ.

ನೀಲಕ್ಕ ಕಟ್ಟನ್ನು ಮೇಜಿನ ಅಂಚಿಗೆ ಸರಿಸಿ ಮತ್ತೆ ಪೆನ್ಸಿಲ್ ಹಿಡಿದಳು.

"ಎಂಥ ಕೆಲಸ ಮಾಡಿದ್ರಿ ನೀಲಕ್ಕಾರೆ," ಅಂದರು ಲೋಕಪ್ಪನವರು, "ಕಾಮಾ ತಿದ್ರಿ ಅಂದ್ರೆ."

"ಕಾಮಾನೇ ತಿದ್ತಿರೋದು. ಇನ್ನೂ ಮುಗದಿಲ್ಲ. ಈಗ ಹೇಳ್ರಿ, 'ತಟ್ಟೆ ಡ್ರೈಯರ್‌ನಾಗೆ ಇತ್ತು', 'ಪ್ಯಾಕಿಂಗ್ ಮಾಡಲಾಯಿತು', ಈ ಎರಡರ ನಡುವೆ ಏನ್ ಹಾಕ್ಲಿ? ಕಾಮಾ ಇದ್ದಾಗ ಏನೂ ಹೇಳ್ದೆ ನಡೀತಿತ್ತು. ಈಗ 'ಬಟ್' ಹಾಕ್ಲೋ, 'ಬಿಕಾಸ್' ಹಾಕ್ಲೋ, ಫುಲ್‌ಸ್ಟಾಪ್ ಇಟ್ಟು ಸುಮ್ಮನಿರ್ಲೋ?"

"ಫುಲ್‌ಸ್ಟಾಪ್ ಇಡ್ರಿ. 'ಮಾಡಲಾಯಿತು' ಅಂತಾನೇ ಇರ್ಲಿ. ಅದ್ರಾಗೆ ತಪ್ಪೇನೈತಿ?"

"ವ್ಯಾಕರಣದಾಗೆ ಏನೂ ತಪ್ಪಿಲ್ರಿ. ಇಡ್ತೀನಿ. ಆದ್ರೆ ಆಕೆ ಕೇಳಿರೋದು ಯಾರು ತೀರ್ಮಾನ ಮಾಡಿದ್ರು ಅಂತ. ಈಗ ವಾಕ್ಯ ಸಣ್ಣ ಆಗ್ಯಾವೆ. ಅದ್ರಾಗೆ ಯಾರೂ ಇಲ್ಲ ಅನ್ನೋದು ಎದ್ದು ಕಾಣ್ತದೆ. ಮತ್ತೆ ಮೇಲ್ ಬರ್ತದೆ, ಯಾರು ಅಂತ."

"ತಾಯಮ್ಮನ ಹೆಸರು ಐತಲ್ರಿ."

"ಆಕೆ ಇನ್‌ಚಾರ್ಜ್ ಅಂತ ಐತಿ. ಆಕೆ ಹೇಳಿದ್ಲು ಅಂತ ಇಲ್ಲ. ಹಾಕ್ಲೇನು? 'ತಾಯಮ್ಮ ತೀರ್ಮಾನಿಸಿದಳು'? ನೀವು ಹೂಂ ಅಂದ್ರೆ ಬರೀತೀನಿ. ಮೇಲ್ ನಿಮ್ದು. ಕೆಳಗೆ ಹೆಸರು ನಿಮ್ದು."

ಇಷ್ಟು ಹೇಳಿ ಪೆನ್ಸಿಲ್ ಕೆಳಗಿಟ್ಟು ಕೂತಳು. ಈ ಮನುಷ್ಯ ಹೂಂ ಅಂದುಬಿಟ್ಟರೆ ಆಕೆ ನಿಜಕ್ಕೂ ಬರೆಯುತ್ತಾಳೆ ಅಂತ ನನಗೆ ಗೊತ್ತಿತ್ತು. ಹೇಳಿದ್ದನ್ನು ಟೈಪು ಮಾಡುವುದು ಆಕೆಯ ಕಸುಬು.

ಲೋಕಪ್ಪನವರು ಮೇಜಿನ ಮೇಲಿದ್ದ ತಟ್ಟೆ ಎತ್ತಿ ತಿರುಗಿಸಿ ನೋಡಿದರು. ಮತ್ತೆ ಇಟ್ಟರು. ಅವರು ಅಷ್ಟು ಹೊತ್ತು ಮಾತಿಲ್ಲದೆ ಇದ್ದದ್ದನ್ನು ನಾನು ಮೊದಲ ಸಲ ನೋಡಿದ್ದು.

"ನಾನೇ ಹೇಳಿದ್ದು ಅಂತ ಬರೀರಿ" ಅಂದರು.

"ಚಂದ್ರ?"

"ಅದನ್ನೂ ಬರೀರಿ. ನಗ್ತಾರೆ. ನಗ್ಲಿ."

ನೀಲಕ್ಕನ ಬೆರಳು ಓಡಿತು. ತಪ್ಪು ಕಂಡಲ್ಲಿ ಎಳೆಯುವ ಹಸಿರು ಗೆರೆಯನ್ನು ಮೊದಲಿನಿಂದ ಒಂದೆರಡು ಕಡೆ ಮಾತ್ರ ಎಳೆದು ಸುಮ್ಮನಾಗಿದ್ದ ಕಂಪ್ಯೂಟರಿಗೂ ಈಗ ಹೇಳುವುದಕ್ಕೆ ಏನೂ ಇರಲಿಲ್ಲ. ಆಮೇಲೆ ಕನ್ನಡದಲ್ಲಿ ಓದಿದಳು, ಮೆಲ್ಲಗೆ. ತಟ್ಟೆಗಳು ಒಣಗಿರಲಿಲ್ಲ. ಕೆಲಸಗಾರರು ನನಗೆ ಹಾಗೆ ಹೇಳಿದರು, ಆದರೆ ನಾನು ಪ್ಯಾಕ್ ಮಾಡಿಸಿದೆ. ನಮ್ಮಲ್ಲಿ ಅಮಾವಾಸ್ಯೆಗೆ ಸರಕು ಹೊರಡಿಸುವುದಿಲ್ಲ, ಆದ್ದರಿಂದ ನಾನು ಅವಸರ ಮಾಡಿದೆ. ತಪ್ಪು ನನ್ನದು. ಇನ್ನು ಮುಂದೆ ತೇವ ಅಳೆದು ನೋಡದೆ ಯಾವ ಪೆಟ್ಟಿಗೆಯನ್ನೂ ಮುಚ್ಚುವುದಿಲ್ಲ. ತಾಯಮ್ಮನ ಹೆಸರು ಎಲ್ಲೂ ಇರಲಿಲ್ಲ. ಲೋಕಪ್ಪನವರು ಹೂಂ ಅಂದರು. ಮೇಲ್ ಹೋಯಿತು.

ಉತ್ತರ ಬೇಗನೇ ಬಂತು, ಲೋಕಪ್ಪನವರು ಅಂಗಡಿಗೆ ತಂದು ತೋರಿಸಿದರು. ಈಗ ಅರ್ಥವಾಯಿತು, ಧನ್ಯವಾದ. ಮೊದಲು ಒಂದು ಸಣ್ಣ ಲೋಡು ಕಳಿಸಿ, ನೋಡಿ ಮುಂದುವರಿಯೋಣ. ಈ ವರ್ಷದ ಅಮಾವಾಸ್ಯೆಗಳ ತಾರೀಖು ಕಳಿಸಿದರೆ ಹಡಗನ್ನು ಅದಕ್ಕೆ ತಕ್ಕಂತೆ ಗೊತ್ತು ಮಾಡುತ್ತೇವೆ. ಯಾರೂ ನಕ್ಕಿರಲಿಲ್ಲ. ನಾನು ಕ್ಯಾಲೆಂಡರಿನ ಹಾಳೆಗಳನ್ನು ಝೆರಾಕ್ಸ್ ಮಾಡಿಕೊಟ್ಟೆ.

ಆದರೆ ಲೋಕಪ್ಪನವರ ಮುಖದಲ್ಲಿ ಕಳೆ ಇರಲಿಲ್ಲ. ತಾಯಮ್ಮ ಆವತ್ತಿನಿಂದ ಕೆಲಸಕ್ಕೆ ಬಂದಿರಲಿಲ್ಲ. ಹೇಳಿಕಳಿಸಿದರೆ, ತೆಗೆದವರು ಯಾಕೆ ಕರೀತಾರೆ ಅಂದಳಂತೆ.

"ನೀಲಕ್ಕಾರೆ, ಆಕೆಗೂ ಒಂದು ಬರಕೊಡ್ರಿ," ಅಂದರು, "ಜರ್ಮನಿಗೆ ಬರದಂಗೆ."

"ಆಕೆಗೆ ಕನ್ನಡ ಬರ್ತದಲ್ರಿ. ಹೋಗಿ ಹೇಳ್ರಿ."

"ಏನಂತ ಹೇಳ್ಲಿ?"

"ಇಂಗ್ಲೀಷ್‌ನಾಗೆ ಹೇಳಿದ್ದನ್ನೇ."

"ಹಂಗಲ್ರಿ, ನೋಡು ತಾಯಮ್ಮ, ಅವತ್ತು ಮಳೆ ಬಂದು, ಲಾರಿಯವ್ನು ಅವಸರ ಮಾಡಿ, ನನಗೂ ತಲೆ ಕೆಟ್ಟು, ನೀನೂ ತಪ್ಪು ತಿಳ್ಕೊಂಡು..."

ನೀಲಕ್ಕ ಕೆಂಪು ಪೆನ್ಸಿಲಿನಿಂದ ಮೇಜಿಗೆ ಒಮ್ಮೆ ತಟ್ಟಿದಳು. ಅವರು ನಿಲ್ಲಿಸಿದರು. ಮತ್ತೆ ಶುರು ಮಾಡಿದರು, ಮತ್ತೆ ತಟ್ಟಿದಳು. ಕೊನೆಗೆ ಅವರು ಎದ್ದು ಹೋದರು. ಸಿಟ್ಟಾಗಿ ಹೋದರು ಅಂದುಕೊಂಡೆ.

ಮಾರನೇ ವಾರ ತಾಯಮ್ಮ ರೇಷನ್ ಕಾರ್ಡಿನ ಝೆರಾಕ್ಸಿಗೆ ಬಂದಳು. ನಾನು ತಡೆಯಲಾರದೆ ಕೇಳಿಯೇಬಿಟ್ಟೆ, ಲೋಕಪ್ಪನವರು ಬಂದಿದ್ದರಾ ಅಂತ.

"ಬಂದಿದ್ರು. ಬಾಗ್ಲಾಗೇ ನಿಂತ್ರು. ತಟ್ಟೆ ತುಂಬು ಅಂದಿದ್ದು ನಾನು, ಅಂದ್ರು. ತಪ್ಪು ನಂದು, ಅಂದ್ರು. ಕೆಲ್ಸಕ್ಕೆ ಬಾ, ಅಂದ್ರು."

"ಆಮೇಲೆ?" ನೀಲಕ್ಕ ಕೇಳಿದಳು.

"ಆಮೇಲೆ ಏನೂ ಅನ್ಲಿಲ್ಲ ಅಕ್ಕಾರೆ. ಸುಮ್ನೆ ನಿಂತಿದ್ರು. ನನಗೇ ಅಳು ಬಂತು. ಒಳಗೆ ಬರ್ರಿ ಅಂದೆ."

ತಾಯಮ್ಮ ಹೋದ ಮೇಲೆ ನೀಲಕ್ಕ ಕನ್ನಡಕ ತೆಗೆದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಆಕೆಯ ಜೊತೆ ಅಂಗಡಿಯಲ್ಲಿ ಕೂತು ಇಷ್ಟು ಕಾಲವಾಯಿತು, ಆಕೆ ಅತ್ತದ್ದು ನೋಡಿರಲಿಲ್ಲ.

"ಹುಡುಗಿಯಾಗಿದ್ದಾಗಿಂದ ಟೈಪು ಮಾಡೀನಿ ಅಫ್ಸರ್," ಅಂದಳು, "ತಪ್ಪು ನಂದು ಅಂತ ಬರ್ಸಿದೋರು ಇವ್ರೊಬ್ರೇ ನೋಡು."